ರಿಜೆಕ್ಟ್ ಮೇಲ್‌ಗೂ ಉತ್ತರ ಬರೆಯಬೇಕಾ?

*ಗೋಕುಲ ರೋಡಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಕೊನೇ ರೌಂಡ್‌ವರೆಗೂ ಹೋಗಿದ್ದೆ. ನಿನ್ನೆ 'ಬೇರೆಯವರನ್ನು ಆರಿಸಿದ್ದೇವೆ' ಅಂತ ಮೇಲ್ ಬಂತು. ಎಲ್ಲಿ ಕಡಿಮೆ ಬಿದ್ದೆ ಅಂತ ಕೇಳಬೇಕು, ಮುಂದೆ ಜಾಗ ಖಾಲಿಯಾದರೆ ಕರೆಯಿರಿ ಅನ್ನಬೇಕು ಅನ್ನಿಸ್ತಿದೆ. ಅಣ್ಣ 'ಬೇಡ ಅಂದವರ ಬಾಗಿಲಿಗೆ ಮತ್ತೆ ಹೋಗ್ತೀಯಾ?' ಅಂತ ಬೈತಾನೆ.*
*– ವಿದ್ಯಾನಗರ, ಹುಬ್ಬಳ್ಳಿ*

ಬರೆದು ಕಳಿಸು ತಂಗಿ, ನಾಳೆಯೊಳಗೆ. ಅಣ್ಣನಿಗೆ ಒಂದು ವಿಷಯ ಗೊತ್ತಿಲ್ಲ. ಆಯ್ಕೆಯಾದವರೆಲ್ಲ ಬಂದು ಸೇರುವುದಿಲ್ಲ. ಒಂದರಿಂದ ಮೂರು ತಿಂಗಳು ನೋಟಿಸ್ ಪೀರಿಯಡ್ ಇರುತ್ತದೆ, ಅಷ್ಟರಲ್ಲಿ ಹಳೇ ಕಂಪನಿಯೇ ಸಂಬಳ ಏರಿಸಿ ಉಳಿಸಿಕೊಳ್ಳುತ್ತದೆ, ಇಲ್ಲಾ ಬೆಂಗಳೂರಿನಿಂದ ಇನ್ನೊಂದು ಆಫರ್ ಬರುತ್ತದೆ. ಆಗ ಎಚ್‌ಆರ್‌ನವರು ಮೊದಲಿಂದ ಹುಡುಕೋಕೆ ಹೋಗೋದು ಕಡಿಮೆ, ಕೊನೇ ರೌಂಡ್‌ಗೆ ಬಂದವರಲ್ಲಿ ಯಾರು ಸಿಗುತ್ತಾರೆ ಅಂತ ನೋಡುತ್ತಾರೆ.

ಮೊದಲು ಮೇಲ್ ಬಂದ ವಿಳಾಸ ನೋಡು. ಅದರಲ್ಲಿ `noreply` ಅಂತಿದ್ದರೆ ನೀನು ಬರೆದದ್ದನ್ನು ಯಾರೂ ಓದುವುದಿಲ್ಲ. ಇಂಟರ್‌ವ್ಯೂ ಟೈಮ್ ತಿಳಿಸಿ ಬರೆದಿದ್ದರಲ್ಲ, ಅವರ ಹಳೇ ಮೇಲ್‌ಗೇ ರಿಪ್ಲೈ ಮಾಡು.

'ನನ್ನನ್ನು ಯಾಕೆ ತೆಗೆದುಕೊಳ್ಳಲಿಲ್ಲ' ಅಂತ ಮಾತ್ರ ಕೇಳಬೇಡ. ಅದು ಜಗಳದ ಹಾಗೆ ಕೇಳುತ್ತದೆ, ಕಾರಣ ಬರೆದುಕೊಟ್ಟರೆ ನಾಳೆ ತಕರಾರು ಬಂದೀತು ಅಂತ ಎಷ್ಟೋ ಕಂಪನಿಗಳು ಸುಮ್ಮನಾಗುತ್ತವೆ. ಒಂದೇ ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಕೇಳು. ಹೀಗೆ:

"ಕೊನೇ ರೌಂಡ್‌ವರೆಗೆ ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ. ಖರೀದಿ ಲೆಕ್ಕವನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವ ಪ್ರಶ್ನೆ ಬಂದಿತ್ತು. ಆ ಕೆಲಸದಲ್ಲಿ ನಾನು ಇನ್ನೂ ಪಳಗಬೇಕೇ, ಅಥವಾ ಬೇರೆ ಯಾವುದನ್ನು ಮೊದಲು ಸುಧಾರಿಸಿಕೊಳ್ಳಲಿ? ಅಕೌಂಟ್ಸ್ ಅಥವಾ ಬಿಲ್ಲಿಂಗ್‌ನಲ್ಲಿ ಮುಂದೆ ಜಾಗ ಬಂದರೆ ನನ್ನ ಹೆಸರು ಪಟ್ಟಿಯಲ್ಲಿರಲಿ. ಹುಬ್ಬಳ್ಳಿಯಲ್ಲೇ ಇದ್ದೇನೆ, 30 ದಿನದ ನೋಟಿಸ್."

ಜಿಎಸ್‌ಟಿ ಮಾತು ಉದಾಹರಣೆಗೆ. ನೀನು ತಡವರಿಸಿದ ಪ್ರಶ್ನೆ ಯಾವುದು ಅಂತ ನಿನಗೇ ಗೊತ್ತಿರುತ್ತದೆ, ಅದನ್ನು ಹಾಕು. ಕೊನೆಯ ಸಾಲು ಚಿಕ್ಕದು ಅಂತ ಬಿಟ್ಟುಬಿಡಬೇಡ. ಯಾವ ಕೆಲಸ, ಯಾವ ಊರು, ಎಷ್ಟು ದಿನದಲ್ಲಿ ಸೇರಬಹುದು, ಜಾಗ ಖಾಲಿಯಾದಾಗ ಅವರು ನೋಡೋದು ಇಷ್ಟನ್ನೇ. ಸುಮ್ನೆ 'ಯಾವ ಕೆಲಸವಾದರೂ ಸರಿ' ಅಂದರೆ ಯಾವ ಪಟ್ಟಿಗೂ ಸೇರುವುದಿಲ್ಲ.

'ನಿಮ್ಮ ಪ್ರೊಫೈಲ್ ಇಟ್ಟುಕೊಳ್ಳುತ್ತೇವೆ' ಅಂತ ಅವರ ಮೇಲ್‌ನಲ್ಲೇ ಇರಬಹುದು. ಅದನ್ನು ಜಾಸ್ತಿ ನಂಬಬೇಡ, ಎಲ್ಲರಿಗೂ ಹೋಗುವ ಮೇಲ್‌ನಲ್ಲೂ ಆ ಸಾಲು ಇರುತ್ತದೆ. ಹೆಸರು ಹಿಡಿದು ಉತ್ತರ ಬಂದರೆ, ಇಲ್ಲಾ ಫೋನ್ ಬಂದರೆ, ಅದು ಬೇರೆ ಲೆಕ್ಕ.

ಒಂದು ವಾರ ಕಾದು ನೋಡು, ಉತ್ತರ ಬರದಿದ್ದರೆ ಇನ್ನೊಂದು ಸಲ ಎರಡು ಸಾಲು ಬರೆ, ಅಲ್ಲಿಗೆ ಬಿಡು. ಉತ್ತರ ಬಂದು ಅದರಲ್ಲಿ 'ಎಕ್ಸೆಲ್ ಕಮ್ಮಿ' ಅಂತಿದ್ದರೆ, 'ಇಲ್ಲ ಸರ್, ನನಗೆ ಬರುತ್ತೆ' ಅಂತ ವಾದಕ್ಕಿಳಿಯಬೇಡ. ಧನ್ಯವಾದ ಹೇಳಿ, ಎಕ್ಸೆಲ್ ಕಲಿತ ಮೇಲೆ ಹೊಸ ರೆಸ್ಯೂಮೆಯನ್ನು ಅದೇ ಮೇಲ್‌ಗೆ ಕಳಿಸು.