ಎರಡು ಆಪ್ಷನ್ ಉಳಿದ ಮೇಲೆ ತಪ್ಪುವುದು ಯಾಕೆ?

ನೀಟ್, ಕೆಸಿಇಟಿಗೆ ಓದುವ ಮಕ್ಕಳು ಸಲಹೆಗೆ ಅಂತ ನನ್ನ ಹತ್ತಿರ ಬಂದಾಗ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ: "ಎರಡು ಆಪ್ಷನ್ ತನಕ ಬರ್ತೀನಿ ಮೇಡಂ, ಆಮೇಲೆ ತಪ್ಪಾಗುತ್ತೆ." ಮನೆಯವರು ಇದಕ್ಕೆ ಗಮನ ಇಲ್ಲ ಅನ್ನುತ್ತಾರೆ, ಕೋಚಿಂಗ್‌ನವರು ಪ್ರಾಕ್ಟೀಸ್ ಸಾಲದು ಅನ್ನುತ್ತಾರೆ. ಎರಡೂ ಅಲ್ಲದ ಒಂದು ಕಾರಣ ಇರುತ್ತದೆ ಅಂತ ನನಗೆ ಅನ್ನಿಸುತ್ತದೆ. ಅದನ್ನು ತೋರಿಸುವುದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹುಡುಗಿಯನ್ನು ಸುಮಾ ಅಂತ ಕರೆಯೋಣ. ಮಂಡ್ಯ ಕಡೆಯವಳು. ಪಿಯುಸಿ ಮುಗಿಸಿ ಎರಡನೇ ಸಲ ನೀಟ್ ಬರೆಯಲು ಕೂತಿದ್ದಳು, ಜೊತೆಗೆ ಕೆಸಿಇಟಿ. ತಂದೆ ಮೈಸೂರಿಗೆ ಕರೆದುಕೊಂಡು ಬಂದಿದ್ದರು. "ಗೊತ್ತಿದ್ದೂ ತಪ್ ಮಾಡ್ತಾಳೆ ಮೇಡಂ. ಗೊತ್ತಿಲ್ದೆ ಮಾಡಿದ್ರೆ ನಾನು ಸುಮ್ನೆ ಇರ್ತಿದ್ದೆ" ಅಂದರು. ಅವಳು ನೆಲ ನೋಡುತ್ತಾ ಕೂತಿದ್ದಳು. ಈ ಕೆಲಸಕ್ಕೆ ಬರುವ ಮೊದಲು ನಾನು ಪಿಯುಸಿಗೆ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಅದಕ್ಕೇ ಅವಳ ಮಾಕ್ ಟೆಸ್ಟ್ ಪೇಪರುಗಳನ್ನೇ ತರಿಸಿಕೊಂಡೆ.

ಪೇಪರಿನಲ್ಲಿ ಒಂದು ವಿಷಯ ಎದ್ದು ಕಂಡಿತು. ಎರಡು ಆಪ್ಷನ್ ಹೊಡೆದು ಹಾಕಿ ಎರಡು ಉಳಿಸಿಕೊಂಡ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪಾಗಿದ್ದವು. ನಾಣ್ಯ ಚಿಮ್ಮಿ ಗುರುತು ಹಾಕಿದ್ದರೂ ಹತ್ತಿರ ಹತ್ತಿರ ಅರ್ಧ ಸರಿ ಆಗಬೇಕು. ಅದಕ್ಕಿಂತಲೂ ಕಡಿಮೆ ಬಂದಿದೆ ಅಂದರೆ ಅದು ದುರದೃಷ್ಟ ಅಲ್ಲ, ಗಮನ ಇಲ್ಲದೆಯೂ ಅಲ್ಲ. ಉಳಿದ ಎರಡರಲ್ಲಿ ತಪ್ಪು ಉತ್ತರವೇ ಅವಳನ್ನು ಏನೋ ಒಂದು ಕಾರಣಕ್ಕೆ ಎಳೆಯುತ್ತಿದೆ ಅಂತ ಅರ್ಥ.

ಆ ಕಾರಣ ಸಿಕ್ಕಿದ್ದು ಒಂದು ಫೋಟೋದಲ್ಲಿ. ಮುಂದಿನ ಸಲ ಬಂದಾಗ ಅವಳ ಮುಖ ಬಾಡಿತ್ತು. ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಪ್ರಶ್ನೆಯ ಫೋಟೋ ಹಾಕಿದ್ದರು. ಇವಳು ಎಲ್ಲರಿಗಿಂತ ಮೊದಲು ಉತ್ತರ ಹಾಕಿ ತಪ್ಪಿದ್ದಳು. ಫೋನ್ ನನ್ನ ಮುಂದೆ ಇಟ್ಟಳು. 10⁻⁸ M HCl ದ್ರಾವಣದ pH ಎಷ್ಟು ಅನ್ನುವುದು ಪ್ರಶ್ನೆ. ಪಿಯುಸಿ ಓದಿದ ಬಹಳ ಜನರಿಗೆ ಗೊತ್ತಿರುವ ಹಳೇ ಪ್ರಶ್ನೆಯೇ. ಆಪ್ಷನ್‌ಗಳು 8, 7, 6.98, 6. ಸುಮಾ 7 ಅಂದಿದ್ದಳು.

"ಜೋರಾಗಿ ಓದಮ್ಮ" ಅಂದೆ. "ಹತ್ತರ ಘಾತ ಮೈನಸ್ ಎಂಟು" ಅಂತ ಓದಿದಳು. ನನ್ನ ಕಣ್ಣಿಗೆ ಅದು ಎಂಟೋ ಆರೋ ಗೊತ್ತಾಗಲಿಲ್ಲ. ಪುಸ್ತಕದ ಮಡಿಕೆ ಹತ್ತಿರ, ಬೆಳಕು ಕಡಿಮೆ ಇರುವಾಗ ತೆಗೆದ ಫೋಟೋ. ಘಾತದ ಅಂಕಿ ಎಲ್ಲಕ್ಕಿಂತ ಚಿಕ್ಕದು, ಮೊದಲು ಮಸುಕಾಗುವುದೂ ಅದೇ. ಅದು 10⁻⁶ ಆಗಿದ್ದರೆ ಉತ್ತರವೇ ಬೇರೆ, ನೇರವಾಗಿ 6. ಅಂದರೆ ಒಂದು ಮಸುಕು ಅಂಕಿ ಮೇಲೆ ಇಡೀ ಲೆಕ್ಕ ನಿಂತಿತ್ತು. "ಎಂಟು ಅಂತ ಹೇಗೆ ಗೊತ್ತು?" ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದಳು: "ಆರು ಆಗಿದ್ರೆ ಯಾರು ಮೇಡಂ 6.98 ಅಂತ ಆಪ್ಷನ್ ಕೊಡ್ತಾರೆ?" ಜಾಣ ಮಾತು. ಆದರೆ ಅದು ಸುಳಿವು ಮಾತ್ರ, ಸಾಕ್ಷಿ ಅಲ್ಲ. ಗೆಳತಿಗೆ ಹೇಳಿ ಅದೇ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿಕೊಳ್ಳಲು ಹೇಳಿದೆ. ಮಾಮೂಲಿ ಫೋಟೋ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲದ ಹಾಗೇ ಬರುತ್ತದೆ. ಬಂತು, ಎಂಟೇ. ಮೇಲಿನ ಸಾಲಿನಲ್ಲಿ 298 K ಅಂತಲೂ ಇತ್ತು. ಶುದ್ಧ ನೀರಿನ pH 7 ಅಂತ ಹಿಡಿಯಲು ಆ ಉಷ್ಣತೆಯೇ ಆಧಾರ. ನಾಲ್ಕೂ ಆಪ್ಷನ್ ಪೂರ್ತಿ ಕಾಣುತ್ತವಾ ಅಂತ ನೋಡಿಕೊಂಡೆವು. ಒಂದು ಆಪ್ಷನ್ ಅಂಚಿನಲ್ಲಿ ಕಟ್ ಆಗಿದ್ದರೆ, ಉಳಿದವನ್ನು ಹೊಡೆದು ಹಾಕಿ ಕೊನೆಗೆ ಉಳಿದದ್ದೇ ಉತ್ತರ ಅನ್ನುವ ಹಾಗಿಲ್ಲ. ಕಾಣದೇ ಇರುವುದೇ ಸರಿ ಉತ್ತರ ಇರಬಹುದಲ್ವಾ?

ಆಮೇಲೆ ಅವಳು ಹೇಗೆ ಯೋಚಿಸಿದಳು ಅಂತ ಹೇಳಿಸಿದೆ. "HCl ಆಸಿಡ್ಡು. ಆಸಿಡ್ ಹಾಕಿದ್ರೆ pH 7ಕ್ಕಿಂತ ಮೇಲೆ ಹೋಗಲ್ಲ. 8 ಹೊಡ್ದೆ. ನೀರಲ್ಲೇ H⁺ 10⁻⁷ ಇದೆ, ಆಸಿಡ್ ಕೊಡೋದು ಅದರ ಹತ್ತರಲ್ಲಿ ಒಂದು ಭಾಗ. pH 6 ಬರಬೇಕು ಅಂದ್ರೆ ಹತ್ತು ಪಟ್ಟು ಜಾಸ್ತಿ ಆಗ್ಬೇಕು. ಅದಾಗಲ್ಲ. 6 ಹೊಡ್ದೆ."

ಇಷ್ಟು ಚೆಂದವಾಗಿ ಯೋಚಿಸುವ ಹುಡುಗಿಗೆ ವಿಷಯ ಗೊತ್ತಿಲ್ಲ ಅಂತ ಯಾರು ಹೇಳುತ್ತಾರೆ? ಲಾಗ್ ಮುಟ್ಟದೆ, ಪೆನ್ ಎತ್ತದೆ, ಎರಡು ಆಪ್ಷನ್ ಕಾರಣ ಸಮೇತ ಹೋದವು.

"ಆಮೇಲೆ?"

"ಆಮೇಲೆ ಏನಿಲ್ಲ ಮೇಡಂ. ಸುಮಾರು ಏಳು ಅಂತ ಬಂತಲ್ಲ, ಏಳಕ್ಕೆ ಹಾಕ್ದೆ. ಎರಡಕ್ಕೆ ಬಂದ ಮೇಲೆ ಕೆಲಸ ಮುಗೀತು ಅನ್ಸುತ್ತೆ. ಯಾವುದು ನೇರವಾಗಿ ಕಾಣುತ್ತೋ ಅದಕ್ಕೆ ಹಾಕ್ತೀನಿ."

ಈ ಮಾತಿಗೇ ನಾನು ಕಾಯುತ್ತಿದ್ದೆ. ಅಂದಾಜು ಅವಳಿಗೆ "ಸುಮಾರು 7" ಅಂತ ಹೇಳಿತ್ತು. 7 ಕೂಡ ಸುಮಾರು 7, 6.98 ಕೂಡ ಸುಮಾರು 7. ಅಂದಾಜಿಗೆ ಎರಡರ ನಡುವೆ ಆರಿಸುವ ಶಕ್ತಿಯೇ ಇಲ್ಲ. ಅದು ದೂರ ಇರುವುದನ್ನು ತೆಗೆಯುತ್ತದೆ, ಅಷ್ಟೇ. ಅವಳು ಅದರ ಕೈಯಲ್ಲೇ ಆಯ್ಕೆ ಮಾಡಿಸುತ್ತಿದ್ದಳು. ಪ್ರಶ್ನೆ ತೆಗೆಯುವವರಿಗೂ ಇದು ಗೊತ್ತು. ಅದಕ್ಕೇ ಅಂದಾಜಿಗೆ ಸಿಗುವ ದುಂಡನೆಯ ಸಂಖ್ಯೆಯನ್ನು ಸರಿ ಉತ್ತರದ ಪಕ್ಕದಲ್ಲೇ ಇಡುತ್ತಾರೆ. ಅರ್ಧಕ್ಕಿಂತ ಜಾಸ್ತಿ ತಪ್ಪು ಯಾಕೆ ಬರುತ್ತಿತ್ತು ಅಂತ ನಮ್ಮಿಬ್ಬರಿಗೂ ಆಗ ಅರ್ಥವಾಯಿತು.

"ಈಗ ಉಳಿದ ಎರಡನ್ನೇ ನೋಡು" ಅಂದೆ. pH 7 ಆಗಬೇಕಾದರೆ H⁺ ಎಷ್ಟಿರಬೇಕು? ಸರಿಯಾಗಿ 10⁻⁷, ಬರೀ ನೀರಿನಲ್ಲಿ ಇದ್ದಷ್ಟೇ. ಹಾಗಾದರೆ ಹಾಕಿದ ಆಸಿಡ್ ಎಲ್ಲಿ ಹೋಯಿತು? ಅವಳು ತಕ್ಷಣ ಕೂಡಿದಳು: 10⁻⁷ಕ್ಕೆ 10⁻⁸ ಸೇರಿಸಿದರೆ 1.1 × 10⁻⁷. 1.1ರ ಲಾಗ್ 0.04, ಹಾಗಾಗಿ pH 6.96. "6.96 ಇಲ್ಲ ಮೇಡಂ, ಹತ್ತಿರದ್ದು 6.98" ಅಂತ ಪೆನ್ ಕೆಳಗಿಟ್ಟಳು.

ಉತ್ತರ ಸರಿ. ಆದರೂ ನಾನು ಬಿಡಲಿಲ್ಲ. ಇನ್ನೊಂದು ಪೇಪರಿನಲ್ಲಿ 6.96 ಕೂಡ ಆಪ್ಷನ್ ಆಗಿ ಬರಬಹುದು, ಆಗ? "ಹತ್ತಿರದ್ದು" ಅನ್ನುವುದೇ ಅವಳ ತೊಂದರೆ. ಅದನ್ನು ಸರಿ ಉತ್ತರ ಬಂದಿದೆ ಅಂತ ಒಪ್ಪಿಕೊಂಡರೆ ತೊಂದರೆ ಇನ್ನೂ ಗಟ್ಟಿಯಾಗುತ್ತದೆ.

ಆಸಿಡ್ ಬಂದಾಗ ನೀರು ಮೊದಲಿನಷ್ಟೇ ಒಡೆಯುತ್ತದಾ ಅಂತ ಕೇಳಿದೆ. "ಇಲ್ಲ, ಕಾಮನ್ ಅಯಾನ್" ಅಂದಳು. ಹಾಗಾದರೆ ನೀರು ಕೊಡುವ H⁺ 10⁻⁷ಕ್ಕಿಂತ ಸ್ವಲ್ಪ ಕಡಿಮೆ. ಒಟ್ಟು H⁺ 1.1 × 10⁻⁷ಕ್ಕಿಂತ ಕೆಳಗೇ ಇರಬೇಕು, 1.0 × 10⁻⁷ಕ್ಕಿಂತ ಮೇಲೇ ಇರಬೇಕು. ಅಂದರೆ pH 6.96ಕ್ಕೂ 7ಕ್ಕೂ ನಡುವೆ, ಆ ಎರಡೂ ಅಲ್ಲ. ಕೊನೆಗೆ ಉತ್ತರವನ್ನೇ ಹಿಂದಕ್ಕೆ ಹಾಕಿ ನೋಡಿದೆವು. pH 6.98 ಅಂದರೆ H⁺ ಸುಮಾರು 1.05 × 10⁻⁷. ಅದರಲ್ಲಿ ಆಸಿಡ್‌ನದ್ದು 0.1 ತೆಗೆದರೆ ನೀರಿನಿಂದ ಬಂದದ್ದು 0.95 × 10⁻⁷, OH⁻ ಕೂಡ ಅಷ್ಟೇ. ಒಟ್ಟು H⁺ ಅನ್ನು OH⁻ ಜೊತೆ ಗುಣಿಸಿದರೆ 0.9975 × 10⁻¹⁴. 298 Kನಲ್ಲಿ ಬರಬೇಕಾದ್ದು 1 × 10⁻¹⁴. ಕೂತಿತು. ಇದೇ ರೀತಿ 7 ಹಾಕಿದರೆ 1.0ಕ್ಕೆ 0.9 ಗುಣಿಸಿ 0.9 ಬರುತ್ತದೆ. ಕೂರಲಿಲ್ಲ.

ಸುಮಾ ಆ 0.9ರ ಸುತ್ತ ಪೆನ್ನಿನಿಂದ ಗೆರೆ ಎಳೆದಳು. "ಹಾಗಾದ್ರೆ 7 ತಪ್ಪು ಅಂತ ತೋರಿಸಬಹುದು!" ಅಂದಳು. ಅಲ್ಲಿಯವರೆಗೆ ಅವಳಿಗೆ ಎರಡನೇ ಹಂತ ಅಂದರೆ ಊಹೆ ಅಂತಲೇ ಇತ್ತು.

ನಾನು ಕೊಟ್ಟ ಸಲಹೆ ಇಷ್ಟು. ಹೊಡೆದು ಹಾಕುವ ಪ್ರತಿ ಆಪ್ಷನ್ ಪಕ್ಕ ಒಂದೇ ಪದದಲ್ಲಿ ಕಾರಣ ಬರಿ: "ಆಸಿಡ್", "ಹತ್ತು ಪಟ್ಟು". ಕಾರಣ ಬರೆಯಲು ಆಗದಿದ್ದರೆ ಆ ಆಪ್ಷನ್ ಇನ್ನೂ ಹೋಗಿಲ್ಲ. ಎರಡು ಉಳಿದಾಗ ಅಂದಾಜನ್ನು ಅಲ್ಲಿಗೇ ಬಿಟ್ಟು ಪ್ರಶ್ನೆಗೆ ವಾಪಸ್ ಹೋಗು. ಎರಡನ್ನೂ ಒಂದೊಂದಾಗಿ ಪ್ರಶ್ನೆಯೊಳಗೆ ಹಾಕಿ ನೋಡು. ಒಂದು ಕೂತರೆ ಸಾಲದು, ಇನ್ನೊಂದು ಯಾಕೆ ಕೂರಲ್ಲ ಅಂತಲೂ ಗೊತ್ತಾಗಬೇಕು. ಅಂದಾಜಿನಲ್ಲಿ ಎಷ್ಟು ತಪ್ಪಿರಬಹುದೋ ಅದಕ್ಕಿಂತ ಆಪ್ಷನ್‌ಗಳು ಹತ್ತಿರ ಇದ್ದರೆ, ಉದಾಹರಣೆಗೆ 1.12, 1.14, 1.16 ಅಂತ ಕೊಟ್ಟಿದ್ದರೆ, ಅಂದಾಜಿಗೆ ಒಂದು ನಿಮಿಷವನ್ನೂ ಕೊಡಬೇಡ, ನೇರ ಲೆಕ್ಕಕ್ಕೆ ಇಳಿ.

ಪರಿಚಯದ ಉಪನ್ಯಾಸಕರೊಬ್ಬರು ಇದನ್ನು ಕೇಳಿ ಬೇಸರ ಮಾಡಿಕೊಂಡರು. ವರ್ಗ ಸಮೀಕರಣ ಬಿಡಿಸುವುದನ್ನು ಕಲಿಸಬೇಕು, ಹೊಡೆದು ಹಾಕುವುದು ಅಡ್ಡದಾರಿ ಅಂದರು. ನಾನು ಒಪ್ಪುವುದಿಲ್ಲ. ಆಸಿಡ್ ಹಾಕಿದರೆ pH ಏರಲ್ಲ, H⁺ ಅಯಾನ್ ಜಾಸ್ತಿಯಾದರೆ ನೀರು ಕಡಿಮೆ ಒಡೆಯುತ್ತದೆ, ಇದೆಲ್ಲ ರಸಾಯನಶಾಸ್ತ್ರವೇ. ಸಮೀಕರಣ ಬಿಡಿಸಿ 8 ಅಂತ ಬಂದರೂ ಕಣ್ಣು ಮಿಟುಕಿಸದೆ ಗುರುತು ಹಾಕುವ ಮಕ್ಕಳನ್ನು ನಾನು ನೋಡಿದ್ದೇನೆ. ಮನೆಯಲ್ಲಿ ಸಮೀಕರಣವನ್ನೂ ಬಿಡಿಸಿಕೊಂಡು ಬಾ ಅಂತ ಸುಮಾಗೆ ಹೇಳಿಯೇ ಕಳಿಸಿದ್ದೆ. ಕೆಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಒಂದಕ್ಕೆ ಸರಾಸರಿ 80 ಸೆಕೆಂಡ್, ಓಎಂಆರ್ ತುಂಬುವುದೂ ಅದರಲ್ಲೇ. ಎರಡು ಆಪ್ಷನ್ ಬೇಗ ತೆಗೆದದ್ದರಿಂದ ಉಳಿದ ಸಮಯವನ್ನು ಉಳಿದ ಎರಡರ ಮೇಲೆ ಖರ್ಚು ಮಾಡಬೇಕು ಅನ್ನುವುದೇ ನನ್ನ ಹಠ. ನೀಟ್‌ನಲ್ಲಂತೂ ಸರಿಗೆ 4, ತಪ್ಪಿಗೆ ಮೈನಸ್ 1. ಎರಡರಲ್ಲಿ ತಪ್ಪಿದರೆ ಐದು ಅಂಕದ ವ್ಯತ್ಯಾಸ.

ತಂದೆಗೆ ಬೇರೆಯಾಗಿ ಒಂದು ಮಾತು ಹೇಳಿದೆ. ಒಟ್ಟು ಅಂಕ ಎಷ್ಟು ಅಂತ ಕೆಲವು ವಾರ ಕೇಳಬೇಡಿ. ಎರಡಕ್ಕೆ ಇಳಿಸಿದ ಪ್ರಶ್ನೆಗಳಲ್ಲಿ ಎಷ್ಟು ಸರಿ ಅಂತ ಮಾತ್ರ ಕೇಳಿ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೂ ಕೇಳಿದರು.

ಆಮೇಲಿನ ಪೇಪರುಗಳಲ್ಲಿ ಆ ಲೆಕ್ಕ ಅರ್ಧ ದಾಟಿತು. ಇನ್ನೂ ತಪ್ಪುತ್ತಿದ್ದವನ್ನು ಒಟ್ಟಿಗೆ ಕೂತು ನೋಡಿದಾಗ, ಹೆಚ್ಚಿನವುಗಳ ಪಕ್ಕ ಕಾರಣ ಬರೆದಿರಲಿಲ್ಲ. ಅವೆಲ್ಲ ಪೇಪರಿನ ಕೊನೆಯ ಪ್ರಶ್ನೆಗಳು. ಅವುಗಳಿಗಾಗಿ ಈಗ ಬೇರೆ ಅಭ್ಯಾಸ ಶುರು ಮಾಡಿದ್ದೇವೆ: ಎರಡು ಉಳಿದು ಸಮಯ ಇಲ್ಲದಿದ್ದರೆ ಆ ಎರಡಕ್ಕೂ ಚುಕ್ಕೆ ಇಟ್ಟು ಮುಂದೆ ಹೋಗುವುದು, ಕೊನೆಯ ಹತ್ತು ನಿಮಿಷದಲ್ಲಿ ಚುಕ್ಕೆ ಇರುವವಕ್ಕೆ ಮಾತ್ರ ವಾಪಸ್ ಬರುವುದು.