ಏರಲು ತಿಂಗಳುಗಳು, ಬೀಳಲು ವಾರಗಳು: ಸಾಲದ ಲೆಕ್ಕ

ಓದುಗರ ಪತ್ರ: ಸಟ್ಟಾ ಗುಳ್ಳೆ ಊದಲು ತಿಂಗಳುಗಟ್ಟಲೆ ಬೇಕು, ಒಡೆಯಲು ಕೆಲವೇ ವಾರ ಸಾಕು. ಯಾಕೆ ಹೀಗೆ? ಬಿದ್ದಾಗ ಇಷ್ಟು ಕೋಟಿ ಕರಗಿಹೋಯಿತು ಎಂದು ಬರೆಯುತ್ತಾರೆ. ಆ ಹಣ ಯಾರ ಕೈ ಸೇರಿತು? ಜನರ ದುರಾಸೆ ಎಂದು ಹೇಳಿ ಮುಗಿಸಬೇಡಿ, ದಯವಿಟ್ಟು ಲೆಕ್ಕ ಬಿಡಿಸಿ ಹೇಳಿ.

ಸಂಪಾದಕರ ಉತ್ತರ:

ದುರಾಸೆ ಎಲ್ಲ ಕಾಲಕ್ಕೂ ಇರುವಂಥದ್ದು, ಗುಳ್ಳೆ ಮಾತ್ರ ಯಾವಾಗಲೋ ಒಮ್ಮೆ ಏಳುತ್ತದೆ. ಹಾಗಾಗಿ ಒಂದರಿಂದ ಇನ್ನೊಂದನ್ನು ವಿವರಿಸಲಾಗದು ಎಂಬ ನಿಮ್ಮ ಪಟ್ಟು ಸರಿಯಾದದ್ದು. ಕೊಳ್ಳುವವರು ಬೆಲೆಯಲ್ಲಿ ಎಷ್ಟು ಪಾಲನ್ನು ಸ್ವಂತ ಹಣದಿಂದ ಕೊಡುತ್ತಿದ್ದಾರೆ, ಎಷ್ಟನ್ನು ಸಾಲವಾಗಿ ಅಥವಾ ಮುಂದಿನ ಕಂತಾಗಿ ಉಳಿಸಿಕೊಂಡಿದ್ದಾರೆ ಎಂಬುದನ್ನು ನೋಡಬೇಕು. ಲಂಡನ್ನಿನಲ್ಲಿ 1720ರಲ್ಲಿ ನಡೆದ ಸೌತ್ ಸೀ ಕಂಪನಿಯ ಪ್ರಕರಣದಲ್ಲಿ ಇದು ಸ್ಪಷ್ಟವಾಗಿ ಕಾಣುವುದರಿಂದ ಅದನ್ನೇ ತೆಗೆದುಕೊಳ್ಳೋಣ.

1711ರಲ್ಲಿ ಹುಟ್ಟಿದ ಈ ಕಂಪನಿಗೆ ಸ್ಪೇನಿನ ಅಮೆರಿಕ ವಸಾಹತುಗಳೊಂದಿಗೆ ವ್ಯಾಪಾರ ಮಾಡುವ ಹಕ್ಕಿತ್ತು. ಆ ವ್ಯಾಪಾರದಿಂದ ಬಂದದ್ದು ಅಷ್ಟಕ್ಕಷ್ಟೆ. 1720ರ ನಿಜವಾದ ವ್ಯವಹಾರವೆಂದರೆ ಬ್ರಿಟಿಷ್ ಸರ್ಕಾರದ ಸಾಲ. ಸರ್ಕಾರಿ ಸಾಲಪತ್ರ ಮತ್ತು ವರ್ಷಾಶನ ಹೊಂದಿದ್ದವರಿಂದ ಸುಮಾರು 3.1 ಕೋಟಿ ಪೌಂಡ್ ಮೌಲ್ಯದ ಸಾಲವನ್ನು ತಾನು ಪಡೆದು, ಬದಲಿಗೆ ತನ್ನ ಷೇರು ಕೊಡುವುದಾಗಿ ಕಂಪನಿ ಮುಂದೆ ಬಂತು. ಈ ಅವಕಾಶಕ್ಕಾಗಿ ಸರ್ಕಾರಕ್ಕೆ ಸುಮಾರು 75 ಲಕ್ಷ ಪೌಂಡ್‌ವರೆಗೆ ಕೊಡಲೂ ಒಪ್ಪಿತು.

ಎಲ್ಲಕ್ಕೂ ಮೂಲವಾದ ನಿಯಮ ಒಂದಿದೆ. ಪಡೆದ ಪ್ರತಿ 100 ಪೌಂಡ್ ಸಾಲಕ್ಕೆ 100 ಪೌಂಡ್ ಮುಖಬೆಲೆಯ ಒಂದು ಷೇರನ್ನು ಹೊಸದಾಗಿ ಹೊರಡಿಸಲು ಕಂಪನಿಗೆ ಅನುಮತಿ ಇತ್ತು. ಆದರೆ ಸಾಲಪತ್ರದವರಿಗೆ ಎಷ್ಟು ಷೇರು ಕೊಡಬೇಕೆಂಬುದು ಮುಖಬೆಲೆಯಿಂದ ನಿಗದಿಯಾಗಿರಲಿಲ್ಲ. ಒಬ್ಬರ ಬಳಿ 1,000 ಪೌಂಡ್ ಸಾಲಪತ್ರ ಇದೆ ಎನ್ನಿ. ಕಂಪನಿ 10 ಷೇರು ಹೊರಡಿಸಬಹುದು. ಪೇಟೆಯ ಬೆಲೆ 100 ಇದ್ದರೆ ಹತ್ತನ್ನೂ ಅವರಿಗೇ ಕೊಡಬೇಕು. ಬೆಲೆ 200 ಆದರೆ 5 ಕೊಟ್ಟರೆ ಸಾಕು, ಮಿಕ್ಕ 5 ಕಂಪನಿಯ ಕೈಯಲ್ಲಿ ಉಳಿಯುತ್ತವೆ; ಅವನ್ನು ಮಾರಿದರೆ ಬರುವ 1,000 ಪೌಂಡ್ ಲಾಭ. ಬೆಲೆ 500 ಆದರೆ ಕೊಡುವುದು 2, ಉಳಿಯುವುದು 8, ಲಾಭ 4,000. ಅಂದರೆ ಇಲ್ಲಿ ಲಾಭದಿಂದ ಬೆಲೆ ಏರಲಿಲ್ಲ, ಬೆಲೆಯಿಂದಲೇ ಲಾಭ ಹುಟ್ಟಿತು. ಆ ಲಾಭವನ್ನು ತೋರಿಸಿ ಬೆಲೆಯನ್ನು ಇನ್ನಷ್ಟು ಏರಿಸಬಹುದಿತ್ತು. ನಿರ್ದೇಶಕರಲ್ಲಿ ಮುಂದಾಳಾಗಿದ್ದ ಜಾನ್ ಬ್ಲಂಟ್ ಹಿಡಿದ ದಾರಿ ಇದೇ.

ಜನವರಿಯಲ್ಲಿ ಸುಮಾರು 128 ಪೌಂಡ್ ಇದ್ದ ಷೇರು ಮಾರ್ಚ್ ಕೊನೆಗೆ 300ರ ಆಸುಪಾಸಿಗೆ ಬಂತು. ಏಪ್ರಿಲ್‌ನಲ್ಲಿ ಕಂಪನಿ ಹೊಸ ಷೇರುಗಳನ್ನು 300ಕ್ಕೆ ಮಾರಿತು, ಆದರೆ ಐದನೇ ಒಂದು ಭಾಗ, ಎಂದರೆ 60 ಪೌಂಡ್ ಮಾತ್ರ ಮೊದಲು ಕಟ್ಟಿದರೆ ಸಾಕು, ಉಳಿದದ್ದು ಕಂತಿನಲ್ಲಿ. ಅದೇ ತಿಂಗಳ ಕೊನೆಗೆ ಎರಡನೇ ಬಾರಿ 400ಕ್ಕೆ ಮಾರಿದಾಗ ಮುಂಗಡ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಜೂನ್‌ನಲ್ಲಿ 1,000ಕ್ಕೆ ಮಾರಿದಾಗಲೂ ಮುಂಗಡ 100 ಮಾತ್ರ, ಉಳಿದ 900 ವರ್ಷಗಳ ಕಾಲ ಹಂಚಿದ ಕಂತುಗಳಲ್ಲಿ. ಜೊತೆಗೆ ಷೇರು ಮಾರಿ ಬಂದ ಹಣವನ್ನು ಕಂಪನಿ ತನ್ನದೇ ಷೇರುಗಳ ಅಡವಿನ ಮೇಲೆ ಸಾಲ ಕೊಟ್ಟಿತು. ಸಾಲ ಪಡೆದವರು ಅದರಿಂದ ಮತ್ತೆ ಅದೇ ಷೇರು ಕೊಂಡರು. ಮಾರುವವನೇ ಕೊಳ್ಳುವವನಿಗೆ ಸಾಲ ಕೊಟ್ಟು, ಮಾರಿದ ಸರಕನ್ನೇ ಅಡವಾಗಿ ಇಟ್ಟುಕೊಳ್ಳುವುದು ಎಲ್ಲೇ ಕಂಡರೂ ಎಚ್ಚರಗೊಳ್ಳಬೇಕಾದ ಗುರುತು. ಆ ಬೆಲೆಯ ಹಿಂದೆ ಹೊರಗಿನಿಂದ ಬಂದ ಹಣ ಬಹಳ ಕಡಿಮೆ ಇರುತ್ತದೆ.

ಹಾಗಾದರೆ ಲೆಕ್ಕ ಬಲ್ಲವರು ಯಾರೂ ಇರಲಿಲ್ಲವೆ? ಇದ್ದರು. ಸಂಸತ್ ಸದಸ್ಯ ಆರ್ಚಿಬಾಲ್ಡ್ ಹಚ್ಸನ್ ಆ ವಸಂತದಲ್ಲೇ ಕಿರುಹೊತ್ತಗೆಗಳನ್ನು ಅಚ್ಚು ಹಾಕಿಸಿ, ಹೊಸಬರು ಹೆಚ್ಚು ಬೆಲೆ ಕೊಟ್ಟಷ್ಟೂ ಹಳಬರ ಷೇರಿನ ಮೌಲ್ಯ ಹೆಚ್ಚಿದಂತೆ ಕಾಣುತ್ತದೆ, ಆ ಹೆಚ್ಚಳ ಹೊಸಬರ ಜೇಬಿನಿಂದಲೇ ಬಂದದ್ದು ಎಂದು ಅಂಕಿಗಳೊಂದಿಗೆ ತೋರಿಸಿದ್ದರು. ಅದು ಸುದ್ದಿಯ ಭರಾಟೆಯ ಮುಂದೆ ನಿಲ್ಲಲಿಲ್ಲ. ಇಂಥ ಲೆಕ್ಕ ಒಮ್ಮೆ ಹೇಳಿದರೆ ಮುಗಿಯಿತು, ಮರುದಿನ ಅದು ಹಳತು. ಬೆಲೆಯಾದರೋ ದಿನದಿನವೂ ಹೊಸ ಸುದ್ದಿ. ಪತ್ರಿಕೆಗಳು ಷೇರು ದರಗಳನ್ನು ಅಚ್ಚುಮಾಡುತ್ತಿದ್ದವು, ಹೊಸ ಹೊಸ ಕಂಪನಿಗಳ ಜಾಹೀರಾತುಗಳು ಪುಟ ತುಂಬುತ್ತಿದ್ದವು, ಷೇರು ವಹಿವಾಟು ನಡೆಯುತ್ತಿದ್ದ ಎಕ್ಸ್‌ಚೇಂಜ್ ಆಲಿ ಎಂಬ ಓಣಿಯ ಕಾಫಿ ಮನೆಗಳಲ್ಲಿ ಗೆದ್ದವರ ಮಾತೇ ಮಾತು. ಯಾರೂ ಸುಳ್ಳು ಬರೆಯಬೇಕಾಗಿಲ್ಲ. ಏರಿದ ಬೆಲೆಯನ್ನು ನಿಜವಾಗಿಯೇ ವರದಿ ಮಾಡುತ್ತಾ ಹೋದರೂ, ಯಾವ ಹಣದಿಂದ ಏರಿತು ಎಂದು ಬರೆಯದಿದ್ದರೆ ಓದುಗರು ದಾರಿ ತಪ್ಪುತ್ತಾರೆ. ಪತ್ರಿಕೆ ನಡೆಸುವ ನಮಗೆಲ್ಲ ಇದು ಇಂದಿಗೂ ಅನ್ವಯಿಸುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ. ಇದಕ್ಕೆ ಒಂದು ಕಲ್ಪಿತ ಲೆಕ್ಕ ಮಾಡೋಣ. ಕಾಗದ, ಪೆನ್ನು ಹಿಡಿದು ನೀವೂ ಮಾಡಿ ನೋಡಿ. ಒಬ್ಬರು 100ರ ಬೆಲೆಯ 100 ಷೇರು ಕೊಂಡಿದ್ದಾರೆ. ಒಟ್ಟು ಬೆಲೆ 10,000. ಅದರಲ್ಲಿ ಸ್ವಂತದ್ದು 4,000, ಸಾಲ 6,000. ಅಡವಿನ ಬೆಲೆಯ ಶೇ. 60ರಷ್ಟನ್ನು ಸಾಲ ಕೊಡುವುದು, ಬೆಲೆ ಇಳಿದು ಸಾಲದ ಪಾಲು ಶೇ. 70 ದಾಟಿದರೆ ಅದನ್ನು ಮತ್ತೆ ಶೇ. 60ಕ್ಕೆ ತರಬೇಕೆಂದು ಕೇಳುವುದು ಸಾಲ ಕೊಟ್ಟವರ ನಿಯಮ.

ಬೆಲೆ 120ಕ್ಕೆ ಏರಿತು. ಷೇರುಗಳ ಬೆಲೆ 12,000, ಸಾಲ 6,000 ಕಳೆದರೆ ಸ್ವಂತದ್ದು 6,000. ಈಗ ಇವರು ಶೇ. 60ರ ನಿಯಮದಲ್ಲೇ 15,000ದಷ್ಟು ಷೇರು ಹೊಂದಬಹುದು. ಅಂದರೆ ಜೇಬಿನಿಂದ ಒಂದು ಕಾಸೂ ಹಾಕದೆ ಇನ್ನೂ 3,000ಕ್ಕೆ ಷೇರು ಕೊಳ್ಳಬಹುದು. ಮೊದಲ ಲಾಭವೇ ಮುಂದಿನ ಕೊಳ್ಳುವಿಕೆಯ ಬಂಡವಾಳವಾಗುತ್ತದೆ, ಆ ಕೊಳ್ಳುವಿಕೆ ಬೆಲೆಯನ್ನು ಮತ್ತೆ ಏರಿಸುತ್ತದೆ.

ಏರುವ ಬದಲು ಬೆಲೆ 85ಕ್ಕೆ ಇಳಿಯಿತೆನ್ನಿ. ಷೇರುಗಳ ಬೆಲೆ 8,500, ಸಾಲ ಅದೇ 6,000, ಶೇ. 70 ದಾಟಿತು. ಕೈಯಲ್ಲಿ ಬೇರೆ ಹಣವಿಲ್ಲದಿದ್ದರೆ ಷೇರು ಮಾರಿ ಸಾಲ ತೀರಿಸಬೇಕು. ಎಷ್ಟು ಮಾರಬೇಕು? 2,250ರಷ್ಟು. ಆಗ ಉಳಿದ ಷೇರು 6,250, ಸಾಲ 3,750, ಪಾಲು ಮತ್ತೆ ಶೇ. 60. ಬೆಲೆ ಇಳಿದದ್ದು ಶೇ. 15, ಮಾರಬೇಕಾಗಿ ಬಂದದ್ದು ಕೈಯಲ್ಲಿದ್ದ ಷೇರುಗಳ ಕಾಲು ಭಾಗಕ್ಕೂ ಹೆಚ್ಚು! ಇದೇ ಸ್ಥಿತಿಯಲ್ಲಿರುವ ಸಾವಿರಾರು ಜನ ಒಟ್ಟಿಗೆ ಮಾರಲು ಬಂದರೆ ಬೆಲೆ 85ರಲ್ಲಿ ನಿಲ್ಲುವುದಿಲ್ಲ. ಮುಂದಿನ ಇಳಿತ ಮತ್ತೊಂದು ಸುತ್ತಿನ ಮಾರಾಟವನ್ನು ಹುಟ್ಟಿಸುತ್ತದೆ.

ಎರಡೂ ದಿಕ್ಕಿನ ಲೆಕ್ಕ ಒಂದೇ ಬಗೆಯದು. ವ್ಯತ್ಯಾಸ ಇರುವುದು ಗಡುವಿನಲ್ಲಿ. ಏರುವಾಗ ಆ 3,000ಕ್ಕೆ ಷೇರು ಕೊಳ್ಳಲೇಬೇಕೆಂದಿಲ್ಲ; ನಾಳೆ ಕೊಳ್ಳಬಹುದು, ಮುಂದಿನ ತಿಂಗಳು ಕೊಳ್ಳಬಹುದು, ಬಿಡಲೂಬಹುದು. ಇಳಿಯುವಾಗ 2,250ರಷ್ಟನ್ನು ಹೇಳಿದ ದಿನದೊಳಗೆ ಮಾರಲೇಬೇಕು. ನಾವು ಗಾಬರಿ ಎಂದು ಕರೆಯುವುದರಲ್ಲಿ ಬಹುಪಾಲು ಇಂಥ ಬಲವಂತದ ಮಾರಾಟ. ಮಾರುವವರಲ್ಲಿ ಷೇರಿನ ಮೇಲೆ ಇನ್ನೂ ನಂಬಿಕೆ ಇಟ್ಟವರೂ ಇರುತ್ತಾರೆ. ನಿಜವಾದ ಗಾಬರಿ ಅದರ ಮೇಲೆ ಬಂದು ಕೂರುತ್ತದೆ. 1929ರ ಅಕ್ಟೋಬರ್ 24ರಂದು ನ್ಯೂಯಾರ್ಕ್‌ನಲ್ಲಿ ಸುಮಾರು 1.29 ಕೋಟಿ ಷೇರು ಕೈ ಬದಲಿಸಿದಾಗ ದರ ಅಚ್ಚುಮಾಡುವ ಟಿಕರ್ ಯಂತ್ರ ಗಂಟೆಗಳಷ್ಟು ಹಿಂದೆ ಬಿತ್ತು. ತಮ್ಮ ಷೇರಿಗೆ ಈ ಕ್ಷಣದ ಬೆಲೆ ಏನೆಂದು ತಿಳಿಯದ ಜನ, ಬಂದಷ್ಟು ಬರಲಿ ಎಂದು ಮಾರಿದರು. ಅಲ್ಲೂ ಷೇರುಗಳನ್ನು ದಲ್ಲಾಳಿಗಳ ಸಾಲದಲ್ಲಿ ಕೊಂಡವರ ಸಂಖ್ಯೆ ದೊಡ್ಡದಿತ್ತು.

ಲಂಡನ್ನಿಗೆ ಮರಳೋಣ. ಜೂನ್ ಕೊನೆಗೆ ಬೆಲೆ 900 ದಾಟಿತ್ತು. ಲಾಭಾಂಶದ ಲೆಕ್ಕಕ್ಕೆಂದು ಕಂಪನಿ, ಷೇರು ಯಾರ ಹೆಸರಿಗೆ ಹೋಯಿತೆಂದು ಬರೆದಿಡುವ ವರ್ಗಾವಣೆ ಪುಸ್ತಕಗಳನ್ನು ಆಗಸ್ಟ್‌ವರೆಗೆ ಮುಚ್ಚಿತು. ಹೀಗಾಗಿ ಬೇಸಿಗೆಯ ಆ ಎತ್ತರದ ಬೆಲೆ, ಪುಸ್ತಕ ತೆರೆದ ಮೇಲೆ ಷೇರು ಕೊಡುತ್ತೇನೆ ಎಂಬ ಮಾತಿನ ಮೇಲೆ ನಡೆದ ವಹಿವಾಟಿನ ಬೆಲೆ. ಇತ್ತ ಪೇಟೆಯ ಹಣ ಹೊಸ ಕಂಪನಿಗಳಿಗೆ ಹರಿಯುವುದನ್ನು ತಡೆಯಲು, ಅನುಮತಿ ಇಲ್ಲದೆ ಕಂಪನಿ ಕಟ್ಟುವುದನ್ನು ನಿಷೇಧಿಸಿ ಜೂನ್‌ನಲ್ಲಿ ಬಂದಿದ್ದ ಬಬಲ್ ಆಕ್ಟ್ ಎಂಬ ಕಾನೂನನ್ನು ಇಟ್ಟುಕೊಂಡು, ಅಂಥ ಕೆಲವು ಕಂಪನಿಗಳ ಮೇಲೆ ಆಗಸ್ಟ್ 18ರಂದು ಕಾನೂನು ಕ್ರಮ ಜರುಗಿಸಲಾಯಿತು. ಅವುಗಳ ಷೇರು ಕುಸಿಯಿತು. ಅವನ್ನು ಸಾಲದಲ್ಲಿ ಕೊಂಡಿದ್ದವರು ಸಾಲ ತೀರಿಸಲು ಯಾವುದನ್ನು ಮಾರಬೇಕು? ಬೆಲೆ ಇದ್ದದ್ದು, ಕೊಳ್ಳುವವರು ಸಿಗುತ್ತಿದ್ದದ್ದು ಮುಖ್ಯವಾಗಿ ಸೌತ್ ಸೀ ಷೇರಿಗೆ. ಹಳೆಯ ಕಂತುಗಳನ್ನು ಕಟ್ಟಬೇಕಾದವರೂ ಅದನ್ನೇ ಮಾರಿದರು. ಆಗಸ್ಟ್ ಕೊನೆಗೆ ನಿರ್ದೇಶಕರು ಮುಂದಿನ ಹನ್ನೆರಡು ವರ್ಷ ಶೇ. 50ರ ಲಾಭಾಂಶ ಕೊಡುತ್ತೇವೆಂದು ಸಾರಿದರು. ಅದು ಮುಖಬೆಲೆಯ ಮೇಲಿನ ಲೆಕ್ಕ, ಅಂದರೆ ಷೇರಿಗೆ 50 ಪೌಂಡ್. 1,000 ಕೊಟ್ಟು ಕೊಂಡವರಿಗೆ ಶೇ. 5 ಮಾತ್ರ. ಬೆಲೆ ಇಳಿಯುತ್ತಿರುವಾಗ ಇಂಥ ದೊಡ್ಡ ಭರವಸೆ ಹೊರಬಿದ್ದರೆ ಅದನ್ನು ಅಪಾಯದ ಗುರುತೆಂದೇ ತಿಳಿಯಬೇಕು. ಸೆಪ್ಟೆಂಬರ್ 24ರಂದು ಕಂಪನಿಯ ಹಣಕಾಸು ನೋಡುತ್ತಿದ್ದ ಸ್ವೋರ್ಡ್ ಬ್ಲೇಡ್ ಬ್ಯಾಂಕ್ ಪಾವತಿ ನಿಲ್ಲಿಸಿತು. ತಿಂಗಳು ಮುಗಿಯುವ ಹೊತ್ತಿಗೆ ಷೇರು 200ಕ್ಕಿಂತ ಕೆಳಗೆ ಬಂದಿತ್ತು. 1,000ದ ಷೇರಿಗೆ 100 ಮುಂಗಡ ಕಟ್ಟಿದ್ದವರ ಸ್ವಂತ ಹಣ ಬೆಲೆ 900 ಮುಟ್ಟಿದಾಗಲೇ ಮುಗಿದಿತ್ತು. ಅಲ್ಲಿಂದ ಕೆಳಗಿನದೆಲ್ಲ ಕಟ್ಟದ ಕಂತುಗಳ ಹೊರೆ.

ಇನ್ನು ಹಣ ಎಲ್ಲಿ ಹೋಯಿತು ಎಂಬುದು. ಒಂದು ಕಂಪನಿಗೆ 100 ಷೇರು ಇದ್ದು, ಅದರಲ್ಲಿ ಒಂದು 1,000ಕ್ಕೆ ಮಾರಾಟವಾದರೆ ಇಡೀ ಕಂಪನಿಯ ಬೆಲೆ ಒಂದು ಲಕ್ಷ ಎಂದು ಬರೆಯುತ್ತಾರೆ. ಕೈ ಬದಲಿಸಿದ್ದು 1,000 ಮಾತ್ರ. ಮರುದಿನ ಒಂದು ಷೇರು 200ಕ್ಕೆ ಹೋದರೆ 80,000 ಕರಗಿತು ಎನ್ನುತ್ತಾರೆ, ಆದರೆ ಆ 80,000 ಎಂದೂ ಯಾರ ಕೈಯಲ್ಲೂ ಇರಲಿಲ್ಲ. ನಿಜವಾಗಿ ಕೈ ಬದಲಿಸಿದ ಹಣ ಮೊದಲು ಮಾರಿದವರ ಬಳಿ ಇರುತ್ತದೆ. ಲಂಡನ್ನಿನ ಪುಸ್ತಕ ವ್ಯಾಪಾರಿ ಥಾಮಸ್ ಗೈ ಅಂಥವರಲ್ಲಿ ಒಬ್ಬರು. ತಮ್ಮ ಷೇರುಗಳನ್ನು ಏಪ್ರಿಲ್‌ನಿಂದ ಜೂನ್‌ವರೆಗೆ ಸ್ವಲ್ಪ ಸ್ವಲ್ಪವಾಗಿ ಮಾರಿದರು, ತುದಿಯ ಬೆಲೆಗೆ ಕಾಯಲಿಲ್ಲ. ಗೈಸ್ ಆಸ್ಪತ್ರೆ ಕಟ್ಟಿದ್ದು ಅವರ ಸಂಪತ್ತಿನಿಂದಲೇ. ಐಸಾಕ್ ನ್ಯೂಟನ್ ಕೂಡ ವಸಂತದಲ್ಲಿ ಒಳ್ಳೆಯ ಲಾಭಕ್ಕೆ ಮಾರಿದ್ದರು, ಆದರೆ ಬೇಸಿಗೆಯಲ್ಲಿ ಮತ್ತೆ ಎತ್ತರದ ಬೆಲೆಗೆ ಕೊಂಡು ದೊಡ್ಡ ಮೊತ್ತ ಕಳೆದುಕೊಂಡರು. ಗಣಿತದಲ್ಲಿ ಅವರಿಗೆ ಸಮ ಯಾರೂ ಇರಲಿಲ್ಲ. ಮಾರಿದ ಮೇಲೂ ಏರುತ್ತಲೇ ಇದ್ದ ಬೆಲೆಯನ್ನು ದಿನವೂ ನೋಡಬೇಕಾಗಿ ಬಂದದ್ದೇ ಅವರನ್ನು ಮತ್ತೆ ಒಳಗೆಳೆಯಿತೆಂದು ನನ್ನ ಅನಿಸಿಕೆ.

ಈ ಗುರುತುಗಳಿಗೆ ಮಿತಿಯೂ ಇದೆ. ಮುಂಗಡ ಇಳಿಯುತ್ತಿದೆ, ಮಾರುವವರೇ ಸಾಲ ಕೊಡುತ್ತಿದ್ದಾರೆ ಎಂದು ಕಂಡರೆ ಬೆಲೆ ಸಾಲದ ಮೇಲೆ ನಿಂತಿದೆ ಎಂದು ಹೇಳಬಹುದು. ಯಾವ ದಿನ ಬೀಳುತ್ತದೆ ಎಂದು ಹೇಳಲಾಗದು. ಹಚ್ಸನ್ ಎಚ್ಚರಿಸಿದ ಮೇಲೂ ಬೆಲೆ ಹಲವು ಪಟ್ಟು ಏರಿತು. ಅವರ ಲೆಕ್ಕ ನಂಬಿ, ಇಳಿಯುತ್ತದೆಂದು ಆಗಲೇ ಪಂದ್ಯ ಕಟ್ಟಿದವರು ಇದ್ದಿದ್ದರೆ ಸೆಪ್ಟೆಂಬರ್‌ಗೆ ಮೊದಲೇ ಮುಳುಗುತ್ತಿದ್ದರು. ಹಾಗಾಗಿ ಈ ಲೆಕ್ಕ ಉಪಯೋಗಕ್ಕೆ ಬರುವುದು ಹೊರಗೆ ಉಳಿಯಲು, ಅಥವಾ ಒಳಗಿದ್ದರೆ ಗೈ ಅವರಂತೆ ಸ್ವಲ್ಪ ಸ್ವಲ್ಪವಾಗಿ ಮಾರಿ ಸಾಲ ತೀರಿಸಿಕೊಳ್ಳಲು.

ಕಟ್ಟದೆ ಉಳಿದ ಕಂತುಗಳು, ಕಂಪನಿ ಕೊಟ್ಟಿದ್ದ ಸಾಲಗಳು ಕೊನೆಗೆ ಏನಾದವು ಎಂದೂ ನೀವು ಕೇಳಬಹುದು. ವಸೂಲು ಮಾಡಲು ಹೋದರೆ ಸಾಲಗಾರರೆಲ್ಲ ದಿವಾಳಿಯಾಗುತ್ತಿದ್ದರು. 1721ರಲ್ಲಿ ಸಂಸತ್ತು ನಿರ್ದೇಶಕರ ಆಸ್ತಿಯ ಬಹುಭಾಗವನ್ನು ಜಪ್ತಿ ಮಾಡಿತು, ಮುಂದಿನ ಕಂತುಗಳನ್ನು ಮನ್ನಾ ಮಾಡಿತು, ಷೇರು ಅಡವಿಟ್ಟು ಸಾಲ ಪಡೆದವರು ಸಾಲದ ಹತ್ತನೇ ಒಂದು ಭಾಗ ಕಟ್ಟಿದರೆ ಋಣಮುಕ್ತರು ಎಂದಿತು. ಅಡವಿಟ್ಟ ಷೇರುಗಳು ಕಂಪನಿಗೇ ಉಳಿದವು.