ಏಕನಾಡಿಯೂ ರಕ್ತಪರೀಕ್ಷೆಯೂ

ಮಾನ್ಯ ಸಂಪಾದಕರೇ,

ನನ್ನ ಮಗಳದು ಆರ್ದ್ರಾ ನಕ್ಷತ್ರ, ಮಿಥುನ ರಾಶಿ. ಅವಳಿಗೂ ನಮಗೂ ಒಪ್ಪಿಗೆಯಾಗಿರುವ ಹುಡುಗನದು ಹಸ್ತ, ಕನ್ಯಾ ರಾಶಿ. 36ಕ್ಕೆ 24½ ಗುಣ ಕೂಡಿದರೂ ಏಕನಾಡಿ ಇದೆ, ಸಂತಾನಕ್ಕೆ ತೊಂದರೆ ಎಂದು ಪುರೋಹಿತರು ಬೇಡವೆನ್ನುತ್ತಾರೆ. ಅದಕ್ಕೇ ನಮ್ಮ ಹಿರಿಯರು ನನ್ನ ನಾದಿನಿಯ ಮಗನಿಗೆ ಕೊಡಿ ಎಂದು ಹಟ ಹಿಡಿದಿದ್ದಾರೆ. ಅವನದು ಮೃಗಶಿರಾ, ಮಿಥುನ. 34 ಗುಣ ಬರುತ್ತದೆ. ಗುಣ, ಆರೋಗ್ಯ, ಹಣಕಾಸು ಎಲ್ಲವನ್ನೂ ನೋಡುವಾಗ ಜಾತಕಕ್ಕೆ ಎಷ್ಟು ಬೆಲೆ ಕೊಡಬೇಕು?
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ:

ನಿಮ್ಮ ಪುರೋಹಿತರ ಲೆಕ್ಕದಲ್ಲಿ ತಪ್ಪಿಲ್ಲ. ಅಷ್ಟಕೂಟದ ಪ್ರಕಾರ ಆರ್ದ್ರಾ ಕನ್ಯೆಗೂ ಹಸ್ತದ ವರನಿಗೂ ವರ್ಣ, ವಶ್ಯ, ಗ್ರಹಮೈತ್ರಿ, ಗಣ, ರಾಶಿ ಈ ಐದು ಕೂಟಗಳಲ್ಲಿ ಪೂರ್ಣಾಂಕ ಬಂದು ಒಟ್ಟು 21 ಆಗುತ್ತದೆ. ತಾರೆಯಲ್ಲಿ 3ಕ್ಕೆ ಒಂದೂವರೆ, ಯೋನಿಯಲ್ಲಿ 4ಕ್ಕೆ 2 ಸೇರುತ್ತದೆ. ಇಬ್ಬರದೂ ಆದಿನಾಡಿಯೇ ಆದ್ದರಿಂದ ನಾಡಿಯಲ್ಲಿ ಮಾತ್ರ 8ಕ್ಕೆ ಸೊನ್ನೆ. 18 ಬಂದರೆ ಸಾಕೆನ್ನುವುದು ವಾಡಿಕೆಯಾದ್ದರಿಂದ ಮೊತ್ತದ ಬಗ್ಗೆ ಯಾರಿಗೂ ತಕರಾರಿಲ್ಲ. ನಿಮ್ಮ ಮನೆಯಲ್ಲಿ ನಡೆದಿರುವ ವಾದವೆಲ್ಲ ಆ ಒಂದು ಸೊನ್ನೆಯದು.

ಆ ಸೊನ್ನೆ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಎಂಟು ಕೂಟಗಳಿಗೂ ಬೇಕಾದದ್ದು ಹುಟ್ಟಿದ ಹೊತ್ತಿನಲ್ಲಿ ಚಂದ್ರ ಯಾವ ನಕ್ಷತ್ರದಲ್ಲಿ, ಯಾವ ರಾಶಿಯಲ್ಲಿ ಇದ್ದ ಎಂಬ ಒಂದೇ ಸಂಗತಿ. ಲಗ್ನವಾಗಲಿ ಉಳಿದ ಗ್ರಹಗಳ ಸ್ಥಾನವಾಗಲಿ ಈ ಲೆಕ್ಕಕ್ಕೆ ಬರುವುದಿಲ್ಲ. ಚಂದ್ರ ಒಂದು ನಕ್ಷತ್ರವನ್ನು ದಾಟಲು ಹೆಚ್ಚುಕಡಿಮೆ ಒಂದು ದಿನ ತೆಗೆದುಕೊಳ್ಳುತ್ತಾನೆ. ಹಾಗಾಗಿ ಈ ಹುಡುಗ ಹುಟ್ಟಿದ ದಿನ ಹಸ್ತ ನಕ್ಷತ್ರ ಇದ್ದಷ್ಟು ಹೊತ್ತು ಭೂಮಿಯ ಮೇಲೆ ಹುಟ್ಟಿದ ಎಲ್ಲ ಗಂಡುಮಕ್ಕಳಿಗೂ, ಕುಡುಕನಿರಲಿ ಸಾತ್ವಿಕನಿರಲಿ, ನಿಮ್ಮ ಮಗಳ ಜೊತೆ ಬರುವುದು ಅದೇ 24½. ಇನ್ನು 27 ನಕ್ಷತ್ರಗಳನ್ನು ಆದಿ, ಮಧ್ಯ, ಅಂತ್ಯ ಎಂಬ ಮೂರು ನಾಡಿಗಳಿಗೆ ಒಂಬತ್ತೊಂಬತ್ತರಂತೆ ಹಂಚಿರುವುದರಿಂದ ಕಣ್ಣು ಮುಚ್ಚಿ ಆಯ್ದ ಜೋಡಿಗಳಲ್ಲಿ ಸರಾಸರಿ ಮೂರಕ್ಕೆ ಒಂದರಂತೆ ಏಕನಾಡಿ ಬರುತ್ತದೆ. ಜಾತಕವನ್ನೇ ನೋಡದೆ ಮದುವೆಯಾಗಿ ಮಕ್ಕಳು ಮೊಮ್ಮಕ್ಕಳನ್ನು ಕಂಡವರಲ್ಲೂ ಸರಿಸುಮಾರು ಮೂರನೆಯ ಒಂದು ಪಾಲು ಜನ ಏಕನಾಡಿಯವರೇ ಆಗಿರಬೇಕು.

ಮರೆಮಾಚದೆ ಹೇಳುವುದಾದರೆ, ದಶಕೂಟ ನೋಡುವ ಇನ್ನೊಬ್ಬ ಜೋಯಿಸರ ಬಳಿ ಹೋದರೆ ಅವರು ಆರ್ದ್ರಾ, ಹಸ್ತ ಎರಡೂ ಕಂಠರಜ್ಜು ಎಂಬ ಒಂದೇ ಗುಂಪಿಗೆ ಸೇರಿದವು ಎಂದು ಮತ್ತೊಂದು ದೋಷವನ್ನು ಎತ್ತಬಹುದು. ಅದೂ ಅದೇ ಚಂದ್ರನಕ್ಷತ್ರದ ಇನ್ನೊಂದು ವಿಂಗಡಣೆಯೇ ಹೊರತು ಹೊಸ ಸಾಕ್ಷ್ಯವಲ್ಲ.

ಸಂತಾನದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ಅಂಕಗಳು ನಿಮ್ಮನ್ನು ನೇರವಾಗಿ ತಪ್ಪು ದಾರಿಗೆ ಒಯ್ಯುತ್ತಿವೆ. ನಿಮ್ಮ ನಾದಿನಿಯ ಮಗನದು ಮಧ್ಯನಾಡಿ, ಮಗಳದು ಆದಿನಾಡಿ; ಆದ್ದರಿಂದ ಅವನಿಗೆ 8ಕ್ಕೆ 8 ಸಿಕ್ಕಿತು. ಗೋತ್ರವೂ ಬೇರೆ, ಹಿರಿಯರಿಗೆ ಸಮಾಧಾನ. ಆದರೆ ಸೋದರತ್ತೆಯ ಮಗನೂ ನಿಮ್ಮ ಮಗಳೂ ಒಬ್ಬರೇ ಅಜ್ಜ ಅಜ್ಜಿಯ ಮೊಮ್ಮಕ್ಕಳು. ಇಬ್ಬರ ಜೀನ್‌ಗಳಲ್ಲಿ ಸರಾಸರಿ ಎಂಟನೆಯ ಒಂದು ಭಾಗ ಒಂದೇ ಆಗಿರುತ್ತದೆ. ಅಜ್ಜನಲ್ಲೋ ಅಜ್ಜಿಯಲ್ಲೋ ಸುಪ್ತವಾಗಿದ್ದ ದೋಷವೊಂದು ಎರಡೂ ಕಡೆಯಿಂದ ಇಳಿದು ಮಗುವಿನಲ್ಲಿ ಕೂಡಿಕೊಳ್ಳುವ ಸಾಧ್ಯತೆ ಹೊರಗಿನ ಸಂಬಂಧಕ್ಕಿಂತ ಹೆಚ್ಚು. ಸಂಬಂಧಿಕರಲ್ಲದ ದಂಪತಿಗಳಿಗೆ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ 2–3 ಮಕ್ಕಳಿಗೆ ಗಂಭೀರವಾದ ಹುಟ್ಟುದೋಷವಿದ್ದರೆ, ಇಂಥ ಸೋದರ ಸಂಬಂಧದಲ್ಲಿ ಅದು ಸುಮಾರು ಇಮ್ಮಡಿಯಾಗುತ್ತದೆ. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ ಎಂಬುದೂ ನಿಜವೇ. ಆದರೂ ಮೊಮ್ಮಕ್ಕಳ ಆರೋಗ್ಯದ ಭಯದಿಂದ ಹಸ್ತದ ಹುಡುಗನನ್ನು ಬಿಟ್ಟು ಈ ಸಂಬಂಧಕ್ಕೆ ಹೋಗುವುದೆಂದರೆ, ಯಾವ ಅಪಾಯಕ್ಕೆ ಹೆದರಿದಿರೋ ಅದನ್ನೇ ಹೆಚ್ಚಿಸಿಕೊಂಡಂತೆ.

ನಾಡಿ ಹೇಳಲಾರದ್ದನ್ನು ರಕ್ತಪರೀಕ್ಷೆ ಹೇಳುತ್ತದೆ. ಹುಡುಗ ಹುಡುಗಿ ಇಬ್ಬರೂ ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆ ಮಾಡಿಸಲಿ. ಜೊತೆಗೆ ಎಚ್‌ಪಿಎಲ್‌ಸಿ ವಿಧಾನದ ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಲಿ. ಥಲಸ್ಸೇಮಿಯಾ, ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗಗಳ ವಾಹಕರಾಗಿದ್ದರೆ ಇದರಲ್ಲಿ ಸಾಮಾನ್ಯವಾಗಿ ಗೊತ್ತಾಗುತ್ತದೆ. ವಾಹಕರಿಗೆ ಸಾಮಾನ್ಯವಾಗಿ ಕಾಯಿಲೆಯ ಯಾವ ಸೂಚನೆಯೂ ಇರುವುದಿಲ್ಲ. ಬಹಳವೆಂದರೆ ಸ್ವಲ್ಪ ರಕ್ತಹೀನತೆ ಇರಬಹುದು. ಒಬ್ಬರು ಮಾತ್ರ ವಾಹಕರಾದರೆ ಮಗುವಿಗೆ ಆ ಕಾಯಿಲೆ ಬರುವುದಿಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲೂ ನಾಲ್ಕಕ್ಕೆ ಒಂದರಷ್ಟು ಅಪಾಯ. ಆಗಲೂ ವೈದ್ಯರ ಸಲಹೆ ಪಡೆದು ಮುಂದಿನ ದಾರಿಯನ್ನು ಆ ಇಬ್ಬರೇ ನಿರ್ಧರಿಸಬೇಕು. ಕಬ್ಬಿಣದ ಕೊರತೆ ಇದ್ದವರಲ್ಲಿ ಥಲಸ್ಸೇಮಿಯಾದ ಗುರುತು ಮರೆಯಾಗಬಹುದಾದ್ದರಿಂದ, ಸಿಬಿಸಿಯಲ್ಲಿ ಕೆಂಪು ರಕ್ತಕಣಗಳ ಗಾತ್ರ ಸಣ್ಣದಿದೆ ಎಂದು ಬಂದರೆ ವರದಿಯನ್ನು ವೈದ್ಯರಿಗೆ ತೋರಿಸದೆ ಕೈಬಿಡಬೇಡಿ. ರಕ್ತದ ಗುಂಪನ್ನೂ ನೋಡಿಸಿ. ಹೆಣ್ಣು ಆರ್‌ಎಚ್ ನೆಗೆಟಿವ್, ಗಂಡು ಪಾಸಿಟಿವ್ ಆಗಿದ್ದರೂ ಸಕಾಲಕ್ಕೆ ಆಂಟಿ-ಡಿ ಚುಚ್ಚುಮದ್ದು ಕೊಟ್ಟರೆ ನಿಭಾಯಿಸಬಹುದಾದ ವಿಷಯ ಅದು, ಸಂಬಂಧ ಮುರಿಯಲು ಕಾರಣವಲ್ಲ. ಹೆಪಟೈಟಿಸ್ ಬಿ ಮತ್ತು ಎಚ್‌ಐವಿ ಪರೀಕ್ಷೆಗಳು ಇಬ್ಬರ ಒಪ್ಪಿಗೆಯಿಂದ ಆಗಬೇಕು, ವರದಿ ಮೊದಲು ಅವರ ಕೈಗೇ ಬರಬೇಕು. ಹುಡುಗಿಗೆ ಮಾತ್ರ ಪರೀಕ್ಷೆ ಎನ್ನುವ ಮನೆಗೆ ನಾನಾದರೆ ಹೆಣ್ಣು ಕೊಡುವುದಿಲ್ಲ.

ಹಣಕಾಸಿನಲ್ಲಿ ಸಂಬಳಕ್ಕಿಂತ ಸಾಲವೇ ಮುಖ್ಯ. ತಂಗಿಯ ಮದುವೆಗೆ ಮಾಡಿದ್ದು, ಸ್ನೇಹಿತನಿಗೆ ಜಾಮೀನು ನಿಂತದ್ದು ಯಾರೂ ತಾವಾಗಿ ಹೇಳುವುದಿಲ್ಲ. ಕ್ರೆಡಿಟ್ ವರದಿ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ; ಮಗಳೂ ಹುಡುಗನೂ ತಮ್ಮ ತಮ್ಮದನ್ನು ತೆಗೆಸಿ ಪರಸ್ಪರ ತೋರಿಸಿಕೊಳ್ಳಲಿ. ಜಮೀನು ಇದೆ ಎಂದರೆ ಪಹಣಿಯಲ್ಲಿ ಋಣಗಳ ಕಾಲಂ ಓದಿ. ಕೈಸಾಲ ಮಾತ್ರ ಯಾವ ಕಾಗದದಲ್ಲೂ ಕಾಣುವುದಿಲ್ಲ, ಅದನ್ನು ಬಾಯಿಬಿಟ್ಟೇ ಕೇಳಬೇಕು.

ಗುಣ ತಿಳಿಯಲು ನೆಂಟರನ್ನು ವಿಚಾರಿಸಿ ಪ್ರಯೋಜನ ಕಡಿಮೆ. ಮದುವೆ ಕೆಡಿಸಿದ ಅಪವಾದ ಬೇಡವೆಂದು ಎಲ್ಲರೂ ಒಳ್ಳೆಯದನ್ನೇ ಹೇಳುತ್ತಾರೆ. ಅವನೊಂದಿಗೆ ಒಂದೇ ಕೋಣೆಯಲ್ಲಿದ್ದವರಿಗೆ, ಅವನ ಕೈಕೆಳಗೆ ಕೆಲಸ ಮಾಡಿದವರಿಗೆ ಹೆಚ್ಚು ಗೊತ್ತಿರುತ್ತದೆ. ಮಗಳು ಅವನ ಹತ್ತಿರ ನೇರವಾಗಿ ಕೆಲವನ್ನು ಕೇಳಿರಲಿ: ತನಗೆ ಬೇರೆ ಊರಿಗೆ ವರ್ಗವಾದರೆ ಏನು, ಸಂಬಳ ಯಾರ ಖಾತೆಯಲ್ಲಿ ಉಳಿಯಬೇಕು, ವಯಸ್ಸಾದ ನಿಮ್ಮಿಬ್ಬರನ್ನು ಅವಳು ನೋಡಿಕೊಳ್ಳಬೇಕಾಗಿ ಬಂದರೆ ಏನು. ‘ಅಮ್ಮನನ್ನು ಕೇಳಿ ಹೇಳುತ್ತೇನೆ’ ಎಂಬುದೂ ಒಂದು ಉತ್ತರವೇ, ಗಮನಿಸಬೇಕು.

ಇವುಗಳ ಪಕ್ಕದಲ್ಲಿ ಜಾತಕಕ್ಕೆ ಎಷ್ಟು ತೂಕ ಎಂದರೆ, ಹುಡುಗನ ಬಗ್ಗೆ ಅದು ನಿಮಗೆ ಏನನ್ನೂ ತಿಳಿಸುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅದನ್ನು ನಂಬುವವರ ಬಗ್ಗೆ ತಿಳಿಸುತ್ತದೆ, ಆ ಕಾರಣಕ್ಕೆ ಅದನ್ನು ಪೂರ್ತಿ ತಳ್ಳಿಹಾಕಲಾಗದು. ಹುಡುಗನ ಮನೆಯಲ್ಲಿ ಏಕನಾಡಿಯನ್ನು ಗಾಢವಾಗಿ ನಂಬುವವರಿದ್ದು, ಮುಂದೆ ಗರ್ಭ ನಿಲ್ಲುವುದು ತಡವಾದರೆ, ಗಂಡಿನ ಪರೀಕ್ಷೆಯನ್ನು ಯಾರೂ ಕೇಳದೆ ಎಲ್ಲವೂ ನಿಮ್ಮ ಮಗಳ ತಲೆಗೇ ಬರುತ್ತದೆ. ಆದ್ದರಿಂದ ವಿಷಯವನ್ನು ಮುಚ್ಚಿಡಬೇಡಿ. ನೀವೇ ಹುಡುಗನ ತಾಯಿಯ ಬಳಿ, ‘ನಮ್ಮ ಪುರೋಹಿತರು ಏಕನಾಡಿ ಎಂದಿದ್ದಾರೆ, ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ನಿಮ್ಮದೇನು?’ ಎಂದು ಕೇಳಿ. ಅವರು ತಡವರಿಸಿದರೆ ನಾಡಿಗಿಂತ ಆ ತಡವರಿಕೆಗೇ ನೀವು ಹೆಚ್ಚು ಬೆಲೆ ಕೊಡಬೇಕು. ಹಿರಿಯರ ಸಮಾಧಾನಕ್ಕೆ ನಾಡಿಶಾಂತಿ ಮಾಡಿಸಬೇಕೆಂದಾದರೆ, ಖರ್ಚು ಕೈಮೀರದಿದ್ದರೆ ಮಾಡಿಸಿ. ನಿಶ್ಚಿತಾರ್ಥದ ದಿನವನ್ನು ಮಾತ್ರ ಇಬ್ಬರ ರಕ್ತಪರೀಕ್ಷೆಯ ವರದಿ ಬಂದ ಮೇಲೆಯೇ ಇಡಿಸಿ.

— ಸಂ.